ಸ್ಯಾಂಪಲ್ ಕಡಿಮೆ ಇದ್ದಾಗ ಎಲ್‌ಡಿಎಯೋ, ಲಾಜಿಸ್ಟಿಕ್ ರಿಗ್ರೆಶನ್ನೋ?

ಎರಡು ಗುಂಪುಗಳನ್ನು ಬೇರ್ಪಡಿಸುವ ಕೆಲಸಕ್ಕೆ ಲೀನಿಯರ್ ಡಿಸ್ಕ್ರಿಮಿನಂಟ್ ಅನಾಲಿಸಿಸ್, ಅಂದರೆ ಎಲ್‌ಡಿಎ, ಮತ್ತು ಲಾಜಿಸ್ಟಿಕ್ ರಿಗ್ರೆಶನ್ ಎರಡನ್ನೂ ಪಠ್ಯಗಳು ಅಕ್ಕಪಕ್ಕದ ಅಧ್ಯಾಯಗಳಲ್ಲಿ ಹೇಳಿಕೊಡುತ್ತವೆ. ಆದರೆ ಎರಡರಲ್ಲಿ ಯಾವುದನ್ನು ಯಾವಾಗ ಹಿಡಿಯಬೇಕು ಅನ್ನುವುದನ್ನು ಅರ್ಧ ಪುಟದಲ್ಲಿ ಮುಗಿಸಿಬಿಡುತ್ತವೆ. ಸಾವಿರಾರು ಸಾಲುಗಳ ಡೇಟಾ ಇದ್ದರೆ ಅಷ್ಟೇ ಸಾಕು, ಉತ್ತರಗಳು ಹೆಚ್ಚುಕಡಿಮೆ ಒಂದೇ ಬರುತ್ತವೆ. ನಲವತ್ತೋ ಐವತ್ತೋ ಸಾಲು ಇದ್ದಾಗ ಹಾಗಲ್ಲ. ಆಗ ಎರಡೂ ಬೇರೆಬೇರೆ ರೀತಿಯಲ್ಲಿ ಕೈಕೊಡುತ್ತವೆ. ಒಂದು ಕೈಕೊಟ್ಟದ್ದು ಕಣ್ಣಿಗೆ ಕಾಣುತ್ತದೆ, ಇನ್ನೊಂದು ಕೈಕೊಟ್ಟದ್ದು ಕಾಣುವುದೇ ಇಲ್ಲ. ಆಯ್ಕೆಯ ತಿರುಳು ಇರುವುದು ಇಲ್ಲೇ ಅಂತ ನನ್ನ ಅಭಿಪ್ರಾಯ.

ಸೂತ್ರ ಒಂದೇ, ದಾರಿ ಎರಡು

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಎರಡೂ ಮಾದರಿಗಳು ಕೊನೆಗೆ ಕೊಡುವುದು ಈ ಒಂದೇ ಸೂತ್ರವನ್ನು:

```
log(p / (1 - p)) = a + b·x
```

ಇಲ್ಲಿ x ಅಂದರೆ ಒಬ್ಬ ವ್ಯಕ್ತಿಯ ಅಳತೆ, p ಅಂದರೆ ಈ ವ್ಯಕ್ತಿ ಎರಡನೇ ಗುಂಪಿಗೆ ಸೇರಿರುವ ಸಂಭಾವ್ಯತೆ. ಗಡಿ ನೇರ ರೇಖೆ, ಅದರಿಂದ ದೂರ ಹೋದಂತೆ p ಸೊನ್ನೆಗೋ ಒಂದಕ್ಕೋ ಹತ್ತಿರವಾಗುತ್ತದೆ. ಇಲ್ಲಿಯವರೆಗೆ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಇರುವುದು a ಮತ್ತು b ಎಲ್ಲಿಂದ ಬಂದವು ಅನ್ನುವುದರಲ್ಲಿ.

ಎಲ್‌ಡಿಎ ಗುಂಪುಗಳಿಂದ ಶುರುಮಾಡುತ್ತದೆ. ಪ್ರತಿ ಗುಂಪಿನೊಳಗೂ x ನಾರ್ಮಲ್ ಹಂಚಿಕೆಯಲ್ಲಿದೆ, ಗುಂಪುಗಳ ಸರಾಸರಿ ಬೇರೆ, ಆದರೆ ಹರಡಿಕೆ, ಅಂದರೆ ಕೋವೇರಿಯನ್ಸ್, ಎರಡಕ್ಕೂ ಒಂದೇ ಅಂತ ಊಹಿಸಿಕೊಳ್ಳುತ್ತದೆ. ಹಾಗೆ ಊಹಿಸಿದ ಮೇಲೆ ಸರಾಸರಿ ಮತ್ತು ಹರಡಿಕೆಯನ್ನು ಲೆಕ್ಕ ಹಾಕಿದರೆ ಸಾಕು, b ತಾನಾಗಿ ಬರುತ್ತದೆ: ಸರಾಸರಿಗಳ ವ್ಯತ್ಯಾಸವನ್ನು ಸಮಾನ ವೇರಿಯನ್ಸ್‌ನಿಂದ ಭಾಗಿಸಿದರಾಯಿತು. ರೊನಾಲ್ಡ್ ಫಿಶರ್ 1936ರಲ್ಲಿ ಐರಿಸ್ ಹೂಗಳ ಅಳತೆಗಳನ್ನು ಇಟ್ಟುಕೊಂಡು ಮಾಡಿದ್ದು ಈ ವಿಧಾನದ ಮೂಲ. ಅವರು ನಾರ್ಮಲ್ ಊಹೆಯಿಂದ ಹೊರಡಲಿಲ್ಲ, ಗುಂಪುಗಳನ್ನು ಅತಿ ಚೆನ್ನಾಗಿ ಬೇರ್ಪಡಿಸುವ ದಿಕ್ಕು ಯಾವುದು ಅಂತ ಕೇಳಿಕೊಂಡರು. ದಿಕ್ಕು ಮಾತ್ರ ಅದೇ ಬಂತು.

ಲಾಜಿಸ್ಟಿಕ್ ರಿಗ್ರೆಶನ್ x ಹೇಗೆ ಹಂಚಿಕೆಯಾಗಿದೆ ಅನ್ನುವ ಗೋಜಿಗೇ ಹೋಗುವುದಿಲ್ಲ. ಮೇಲಿನ ಸೂತ್ರ ಸರಿ ಅನ್ನುವುದೊಂದೇ ಅದರ ಊಹೆ. ನಮ್ಮ ಕೈಲಿರುವ ಗುಂಪು-ಗುರುತುಗಳನ್ನು ಅತಿ ಸಂಭವನೀಯವಾಗಿಸುವ a, b ಯಾವುವು ಅಂತ ನೇರವಾಗಿ ಹುಡುಕುತ್ತದೆ. ಊಹೆ ಕಡಿಮೆ, ಹಾಗಾಗಿ ಹೆಚ್ಚು ಕಡೆ ನಡೆಯುತ್ತದೆ. ಬದಲಿಗೆ x ಹಂಚಿಕೆಯಲ್ಲಿದ್ದ ಮಾಹಿತಿಯನ್ನು ಅದು ಬಿಟ್ಟುಕೊಟ್ಟಿದೆ.

ಹತ್ತು ಜನರ ಮೇಲೆ ಕೈಲೆಕ್ಕ

ಕಾಗದದ ಮೇಲೆ ಮಾಡಬಹುದಾದಷ್ಟು ಚಿಕ್ಕ ಉದಾಹರಣೆ ತೆಗೆದುಕೊಳ್ಳೋಣ. ಒಂದು ರಕ್ತಪರೀಕ್ಷೆಯ ಅಳತೆ, ಕಾಯಿಲೆ ಇಲ್ಲದ ಐವರು, ಇರುವ ಐವರು. ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾನೇ ಕಟ್ಟಿದ್ದು.

```
ಇಲ್ಲದವರು:  2  4  5  6  8
ಇರುವವರು:   7  9  10  11  13
```

ಮೊದಲ ಗುಂಪಿನ ಸರಾಸರಿ 5, ಎರಡನೆಯದು 10. ಪ್ರತಿ ಗುಂಪಿನಲ್ಲೂ ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತ 20. ಎರಡನ್ನೂ ಕೂಡಿಸಿ 10 − 2 = 8ರಿಂದ ಭಾಗಿಸಿದರೆ ಸಮಾನ ವೇರಿಯನ್ಸ್ 5. ಎಲ್‌ಡಿಎಯ b = (10 − 5)/5 = 1. ಗುಂಪುಗಳು ಸಮ ಗಾತ್ರದವು, ಹಾಗಾಗಿ ಗಡಿ ನಟ್ಟನಡುವೆ, 7.5ರಲ್ಲಿ. ಲಾಜಿಸ್ಟಿಕ್ ರಿಗ್ರೆಶನ್‌ಗೆ ಹೀಗೆ ನೇರ ಲೆಕ್ಕವಿಲ್ಲ, ಹಂತಹಂತವಾಗಿ ಹುಡುಕಬೇಕು. ಹುಡುಕಿದರೆ ಗಡಿ ಅದೇ 7.5, b ಸುಮಾರು 1.29. ಅಂದರೆ ಇಬ್ಬರ ವರ್ಗೀಕರಣವೂ ಒಂದೇ. ಲಾಜಿಸ್ಟಿಕ್ ತುಸು ಹೆಚ್ಚು ಖಚಿತವಾಗಿ ಮಾತಾಡುತ್ತದೆ, ಅಷ್ಟೆ.

ಈಗ ಒಂದೇ ಒಂದು ಅಂಕಿ ಬದಲಿಸೋಣ. ಕಾಯಿಲೆ ಇರುವವರಲ್ಲಿ 7 ಇದ್ದವರ ಅಳತೆ 9 ಬಂತು ಅಂದುಕೊಳ್ಳಿ. ಅಂಥ ಬದಲಾವಣೆ ಯಾವ ಲ್ಯಾಬಿನಲ್ಲೂ ಆಗುವಂಥದ್ದು. ಎಲ್‌ಡಿಎಯಲ್ಲಿ ಎರಡನೇ ಗುಂಪಿನ ಸರಾಸರಿ 10.4, ಸಮಾನ ವೇರಿಯನ್ಸ್ 3.9, b = 5.4/3.9, ಅಂದರೆ ಸುಮಾರು 1.38. ಗಡಿ 7.7. ಸ್ವಲ್ಪ ಸರಿಯಿತು, ಅಷ್ಟೇನೂ ಗಾಬರಿಯಿಲ್ಲ. ಲಾಜಿಸ್ಟಿಕ್‌ನಲ್ಲಿ ಮಾತ್ರ b ಅನಂತಕ್ಕೆ ಹೊರಟುಹೋಯಿತು. ಯಾಕೆಂದರೆ ಈಗ ಇಲ್ಲದವರೆಲ್ಲ 8ರವರೆಗೆ, ಇರುವವರೆಲ್ಲ 9ರಿಂದ ಮೇಲೆ. ನಡುವೆ ಗೆರೆ ಎಳೆದರೆ ಒಬ್ಬರೂ ತಪ್ಪುವುದಿಲ್ಲ. ಹೀಗಿರುವಾಗ b ಹೆಚ್ಚಿಸಿದಷ್ಟೂ ಡೇಟಾ ಇನ್ನಷ್ಟು ಸಂಭವನೀಯವಾಗುತ್ತದೆ, ನಿಲ್ಲುವ ಜಾಗವೇ ಇಲ್ಲ. ಇದನ್ನು ಪರ್ಫೆಕ್ಟ್ ಸೆಪರೇಶನ್ ಅನ್ನುತ್ತಾರೆ. ಆಲ್ಬರ್ಟ್ ಮತ್ತು ಆಂಡರ್ಸನ್ 1984ರಲ್ಲಿ ಯಾವ ಸಂದರ್ಭದಲ್ಲಿ ಲಾಜಿಸ್ಟಿಕ್‌ಗೆ ಉತ್ತರವೇ ಇರುವುದಿಲ್ಲ ಅನ್ನುವುದನ್ನು ವಿಂಗಡಿಸಿಟ್ಟಿದ್ದಾರೆ.

ಮೂಲ ಡೇಟಾದಲ್ಲಿ ಸೆಪರೇಶನ್ ಇರಲಿಲ್ಲವಲ್ಲ ಅನ್ನಬಹುದು. ಆದರೆ ಆ ಉತ್ತರ ನಿಂತಿದ್ದು ಇಬ್ಬರ ಮೇಲೆ ಮಾತ್ರ: ಇಲ್ಲದವರಲ್ಲಿ 8, ಇರುವವರಲ್ಲಿ 7. ಅವರಿಬ್ಬರಲ್ಲಿ ಒಬ್ಬರು ಕಾಣೆಯಾದರೂ ಗುಂಪುಗಳು ಬೇರ್ಪಡುತ್ತವೆ. ಪ್ರತಿ ಗುಂಪಿನಿಂದ ಐದೈದರಂತೆ ಬೂಟ್‌ಸ್ಟ್ರ್ಯಾಪ್ ಮಾಡಿದರೆ, ಅಂದರೆ ತೆಗೆದವರನ್ನು ಪ್ರತಿ ಸಲ ವಾಪಸಿಟ್ಟು ಮತ್ತೆ ಆರಿಸಿದರೆ, ಒಬ್ಬ ನಿರ್ದಿಷ್ಟ ವ್ಯಕ್ತಿ ಆಯ್ಕೆಯಾಗದೇ ಉಳಿಯುವ ಸಂಭಾವ್ಯತೆ 0.8ರ ಐದನೇ ಘಾತ, ಅಂದರೆ 0.33. ಹಾಗಾದರೆ ಇಬ್ಬರೂ ಆಯ್ಕೆಯಾಗುವುದು 0.67 × 0.67, ಸುಮಾರು 45%. ಉಳಿದ 55% ಸಲ ಲಾಜಿಸ್ಟಿಕ್‌ನ b ಅನಂತ. 1.29 ಅನ್ನುವ ಅಂಕಿ ಎಷ್ಟು ಗಟ್ಟಿ ಅಂತ ಕೇಳಿದರೆ ಇದೇ ಉತ್ತರ.

ಇಷ್ಟು ಓದಿದವರಿಗೆ ಎಲ್‌ಡಿಎಯೇ ವಾಸಿ ಅನ್ನಿಸಿರಬಹುದು. ಹಾಗಿದ್ದರೆ ಮತ್ತೊಂದು ಬದಲಾವಣೆ. ಮೂಲ ಡೇಟಾಕ್ಕೆ ಮರಳಿ, 13 ಇದ್ದವರಿಗೆ 33 ಬಂತು ಅಂದುಕೊಳ್ಳಿ. ಇವರಿಗೆ ಕಾಯಿಲೆ ಇದೆ ಅನ್ನುವುದರಲ್ಲಿ ಯಾವ ಅನುಮಾನವೂ ಇಲ್ಲ, ಗಡಿಯಿಂದ ಬಹುದೂರ, ಸರಿಯಾದ ಬದಿಯಲ್ಲೇ ಇದ್ದಾರೆ. ಅಳತೆ ಇನ್ನೂ ಹೆಚ್ಚಿತು ಅಂದರೆ ರೋಗಪತ್ತೆ ಸುಲಭವಾಗಬೇಕು. ಲಾಜಿಸ್ಟಿಕ್ ಹಾಗೆಯೇ ನೋಡುತ್ತದೆ. 13ರಲ್ಲೇ ಆ ವ್ಯಕ್ತಿಯ p 0.999 ದಾಟಿತ್ತು, 33ಕ್ಕೆ ಹೋದರೂ ಹೊಸದಾಗಿ ಹೇಳುವುದೇನಿಲ್ಲ. b ಬದಲಾಗುವುದು ಮೂರನೇ ದಶಮಾಂಶದಲ್ಲಿ, ಗಡಿ 7.5ರಲ್ಲೇ ಇರುತ್ತದೆ.

ಎಲ್‌ಡಿಎ ಏನು ಮಾಡುತ್ತದೆ ನೋಡಿ. ಸರಾಸರಿ 14, ಆ ಗುಂಪಿನ ವರ್ಗಗಳ ಮೊತ್ತ 460, ಸಮಾನ ವೇರಿಯನ್ಸ್ 480/8 = 60. b = 9/60 = 0.15, ಗಡಿ 9.5. ಮೊದಲು ಕಾಯಿಲೆ ಇದೆ ಅಂತ ಸರಿಯಾಗಿ ಗುರುತಿಸಿದ್ದ 9ರವರು ಈಗ ಇಲ್ಲದವರ ಬದಿಗೆ ಸೇರಿಹೋದರು. ಅತ್ಯಂತ ಸ್ಪಷ್ಟ ರೋಗಿಯೊಬ್ಬರು ಬಂದದ್ದರಿಂದ ಅನುಮಾನದ ರೋಗಿಯೊಬ್ಬರು ಕೈತಪ್ಪಿದರು. ವೇರಿಯನ್ಸ್ 5 ಇದ್ದದ್ದು 60 ಆಗಿ, ಎಲ್ಲರ ಬಗ್ಗೆಯೂ ಮಾದರಿ ಅನುಮಾನದಿಂದ ಮಾತಾಡುತ್ತದೆ. ಇಷ್ಟಾದರೂ ಸಾಫ್ಟ್‌ವೇರ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಅದರ ಮಟ್ಟಿಗೆ ಎಲ್ಲ ಸರಿಯಾಗಿಯೇ ಇದೆ.

ಒಟ್ಟಿನಲ್ಲಿ ಗಡಿಯ ಅಕ್ಕಪಕ್ಕದವರು ಹೇಳಿದ್ದನ್ನು ಲಾಜಿಸ್ಟಿಕ್ ಕೇಳುತ್ತದೆ, ಎಲ್‌ಡಿಎ ಎಲ್ಲರ ಮಾತನ್ನೂ ಕೇಳುತ್ತದೆ, ದೂರದವರ ಮಾತನ್ನು ಇನ್ನಷ್ಟು ಜೋರಾಗಿ. ಜನ ಕಡಿಮೆ ಇದ್ದಾಗ ಗಡಿಯ ಹತ್ತಿರ ಒಬ್ಬಿಬ್ಬರೇ ಇರುತ್ತಾರೆ, ಲಾಜಿಸ್ಟಿಕ್ ಅಲ್ಲಾಡುತ್ತದೆ. ಊಹೆ ಸರಿಯಿಲ್ಲದಾಗ ದೂರದವರು ದಾರಿತಪ್ಪಿಸುತ್ತಾರೆ, ಎಲ್‌ಡಿಎ ಜಾರುತ್ತದೆ.

ಊಹೆ ಸರಿಯಿದ್ದರೆ ಲಾಭ ಎಷ್ಟು?

ಇದಕ್ಕೆ 1975ರಲ್ಲೇ ಬ್ರಾಡ್ಲಿ ಎಫ್ರಾನ್ ಲೆಕ್ಕ ಕೊಟ್ಟಿದ್ದಾರೆ. ನಾರ್ಮಲ್ ಊಹೆ ಪೂರ್ತಿ ನಿಜ, ಗುಂಪುಗಳು ಸಮ ಗಾತ್ರದವು, ಸ್ಯಾಂಪಲ್ ದೊಡ್ಡದು ಅಂತ ಇಟ್ಟುಕೊಂಡರೆ, ಎಲ್‌ಡಿಎಗೆ ಹೋಲಿಸಿದಾಗ ಲಾಜಿಸ್ಟಿಕ್‌ನ ದಕ್ಷತೆ ಎಷ್ಟು ಅನ್ನುವ ಪ್ರಶ್ನೆ ಅದು. ಉತ್ತರ ಗುಂಪುಗಳ ನಡುವಿನ ಮಹಲನೋಬಿಸ್ ದೂರವನ್ನು ಅವಲಂಬಿಸಿದೆ, ಅಂದರೆ ಸರಾಸರಿಗಳು ಎಷ್ಟು ಸ್ಟ್ಯಾಂಡರ್ಡ್ ಡೀವಿಯೇಶನ್ ದೂರ ಇವೆ ಅನ್ನುವುದನ್ನು. ದೂರ 2 ಇದ್ದರೆ ದಕ್ಷತೆ ಸುಮಾರು 0.90. 3ಕ್ಕೆ 0.64. 4ಕ್ಕೆ 0.34. ಅಂದರೆ ದೂರ 2 ಇರುವಾಗ ಲಾಜಿಸ್ಟಿಕ್ 100 ಸ್ಯಾಂಪಲ್‌ನಿಂದ ಮಾಡುವ ಕೆಲಸಕ್ಕೆ ಎಲ್‌ಡಿಎಗೆ 90 ಸಾಕು, 4 ಇರುವಾಗ 34 ಸಾಕು.

ಈ ಅಂಕಿಗಳನ್ನು ಎಲ್‌ಡಿಎ ಪರವಾದ ವಾದವಾಗಿ ಉಲ್ಲೇಖಿಸುವವರು ಒಂದು ವಿಷಯ ಗಮನಿಸುವುದಿಲ್ಲ. ದೂರ 4 ಅಂದರೆ ಅತಿ ಒಳ್ಳೆಯ ಗಡಿ ಎಳೆದರೆ ತಪ್ಪು 2.3% ಮಾತ್ರ. ಅಲ್ಲಿ ದಕ್ಷತೆ ಮೂರರಲ್ಲೊಂದಾದರೂ ಕಳೆದುಕೊಳ್ಳುವುದು ಬಹಳವೇನಿಲ್ಲ, ಗುಂಪುಗಳು ಹೇಗಿದ್ದರೂ ಬೇರ್ಪಡುತ್ತವೆ. ದೂರ 2ರಲ್ಲಿ ಅತಿ ಒಳ್ಳೆಯ ಗಡಿಗೂ ತಪ್ಪು ಸುಮಾರು 16%. ನಿಜಕ್ಕೂ ಕಷ್ಟ ಇರುವುದು ಇಲ್ಲಿ, ಆದರೆ ಇಲ್ಲಿ ಎಲ್‌ಡಿಎಯ ಲಾಭ ಹತ್ತರಲ್ಲೊಂದು ಪಾಲು. ಹಾಗಾಗಿ ವರ್ಗೀಕರಣ ಮಾತ್ರ ಬೇಕಿದ್ದರೆ ಲಾಭ ಚಿಕ್ಕದು. ಲಾಭ ದೊಡ್ಡದಾಗುವುದು ಗುಂಪುಗಳು ದೂರ ಇದ್ದು, ಸ್ಯಾಂಪಲ್ ಚಿಕ್ಕದಿದ್ದು, ಅದರಲ್ಲೂ ನಂಬಬಹುದಾದ b ಬೇಕು ಅನ್ನುವಾಗ. ಅಂಥ ಸಂದರ್ಭದಲ್ಲೇ ಲಾಜಿಸ್ಟಿಕ್ ಅನಂತಕ್ಕೆ ಓಡುವುದು.

ಎಲ್‌ಡಿಎ ಕೊಡುವ b ಕೂಡ ಉಬ್ಬಿರುತ್ತದೆ

ಇಲ್ಲೊಂದು ವಿಚಿತ್ರವಿದೆ. ಹತ್ತು ವೇರಿಯಬಲ್ ಇದ್ದರೆ ಲಾಜಿಸ್ಟಿಕ್ ಅಂದಾಜಿಸಬೇಕಾದ್ದು 11 ಸಂಖ್ಯೆಗಳನ್ನು. ಎಲ್‌ಡಿಎ 20 ಸರಾಸರಿಗಳು ಮತ್ತು 55 ವೇರಿಯನ್ಸ್-ಕೋವೇರಿಯನ್ಸ್‌ಗಳನ್ನು ಅಂದಾಜಿಸಬೇಕು. ಹಾಗಿದ್ದೂ ಊಹೆ ಸರಿಯಿದ್ದಾಗ ಕಡಿಮೆ ಅಲ್ಲಾಡುವುದು ಎಲ್‌ಡಿಎಯೇ, ಯಾಕೆಂದರೆ ಪ್ರತಿ ಸ್ಯಾಂಪಲ್ಲೂ ಆ ಎಲ್ಲ ಲೆಕ್ಕಕ್ಕೂ ನೇರವಾಗಿ ಕೊಡುಗೆ ಕೊಡುತ್ತದೆ. ಸಂಖ್ಯೆ ಎಣಿಸಿ ಯಾವ ಮಾದರಿ ಸರಳ ಅಂತ ತೀರ್ಮಾನಿಸುವುದು ಇಲ್ಲಿ ಕೆಲಸಕ್ಕೆ ಬಾರದು.

ಆದರೆ ಸ್ಥಿರವಾಗಿದೆ ಅಂದಮಾತ್ರಕ್ಕೆ ಸರಿಯಾಗಿದೆ ಅಂತಲ್ಲ. ಎಲ್‌ಡಿಎ ಕೋವೇರಿಯನ್ಸ್‌ನ ವಿಲೋಮವನ್ನು ಬಳಸುತ್ತದೆ, ಚಿಕ್ಕ ಸ್ಯಾಂಪಲ್‌ನಲ್ಲಿ ಆ ವಿಲೋಮ ಸರಾಸರಿಯಲ್ಲಿ ನಿಜಕ್ಕಿಂತ ದೊಡ್ಡದಾಗಿಯೇ ಬರುತ್ತದೆ. ಎಷ್ಟು ದೊಡ್ಡದು ಅನ್ನುವುದಕ್ಕೆ ನಾರ್ಮಲ್ ಊಹೆಯಡಿ ನಿಖರ ಸೂತ್ರವಿದೆ. ಸ್ಯಾಂಪಲ್ n, ವೇರಿಯಬಲ್ p ಆದರೆ, ಎರಡು ಗುಂಪುಗಳಿಗೆ ಉಬ್ಬರದ ಪ್ರಮಾಣ ಇಷ್ಟು (ಈ p ಸಂಭಾವ್ಯತೆಯಲ್ಲ, ವೇರಿಯಬಲ್‌ಗಳ ಸಂಖ್ಯೆ):

```
(n - 2) / (n - p - 3)
```

40 ಜನ, 10 ವೇರಿಯಬಲ್ ಅಂದರೆ 38/27 = 1.41. ಎಲ್ಲ ಗುಣಾಂಕಗಳೂ ಸರಾಸರಿಯಲ್ಲಿ 41% ಹೆಚ್ಚು. 20 ವೇರಿಯಬಲ್ ಆದರೆ 2.24 ಪಟ್ಟು, 30 ಆದರೆ 5.43 ಪಟ್ಟು. ನಮ್ಮ ಹತ್ತು ಜನರ ಉದಾಹರಣೆಯಲ್ಲಿ 8/6, ಅಂದರೆ 1 ಅಂತ ಬಂದ b ಅನ್ನು ಈ ಲೆಕ್ಕದಲ್ಲಿ ಸರಿಪಡಿಸಿದರೆ 0.75. ಇದರ ಪರಿಣಾಮ p ಸಂಭಾವ್ಯತೆಗಳ ಮೇಲೆ: 0.8 ಇರಬೇಕಾದಲ್ಲಿ ಸುಮಾರು 0.86 ಅನ್ನುತ್ತದೆ. ಲಾಜಿಸ್ಟಿಕ್‌ಗೂ ಚಿಕ್ಕ ಸ್ಯಾಂಪಲ್‌ನಲ್ಲಿ ಇದೇ ರೋಗ, b ಸೊನ್ನೆಯಿಂದ ದೂರಕ್ಕೆ ವಾಲುತ್ತದೆ. ಆದರೆ ಅದರ ಸ್ಟ್ಯಾಂಡರ್ಡ್ ಎರರ್ ದೊಡ್ಡದಾಗಿ ಕಣ್ಣಿಗೆ ಹೊಡೆಯುತ್ತದೆ. ಎಲ್‌ಡಿಎ ಔಟ್‌ಪುಟ್‌ನಲ್ಲಿ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಎರರ್ ಕಾಲಮ್ಮೇ ಇರುವುದಿಲ್ಲ, ಹಾಗಾಗಿ ಉಬ್ಬಿದ ಅಂಕಿ ಗಂಭೀರವಾಗಿ ಕೂತಿರುತ್ತದೆ.

ವೇರಿಯಬಲ್‌ಗಳ ಸಂಖ್ಯೆ n − 2 ದಾಟಿದರೆ ವಿಲೋಮವೇ ಸಿಗುವುದಿಲ್ಲ. ಅದಕ್ಕೆ ಮದ್ದು ಶ್ರಿಂಕೇಜ್: ಅಂದಾಜಿಸಿದ ಕೋವೇರಿಯನ್ಸ್ ಅನ್ನು ಒಂದು ಸರಳ ರೂಪದ ಕಡೆಗೆ ಎಳೆಯುವುದು. ಸ್ಕೈಕಿಟ್-ಲರ್ನ್‌ನಲ್ಲಿ ಹೀಗೆ:

```python
from sklearn.discriminant_analysis import LinearDiscriminantAnalysis
m = LinearDiscriminantAnalysis(solver="lsqr", shrinkage="auto")
```

ಡೀಫಾಲ್ಟ್ ಸಾಲ್ವರ್ `svd` ಶ್ರಿಂಕೇಜ್ ಒಪ್ಪುವುದಿಲ್ಲ, ಅದಕ್ಕೇ `lsqr` ಇಲ್ಲವೇ `eigen` ಬರೆಯಬೇಕು. 40 ಜನ, 20 ವೇರಿಯಬಲ್ ಅನ್ನುವ ಮಟ್ಟದಲ್ಲಿ ಶ್ರಿಂಕೇಜ್ ಇಲ್ಲದ ಎಲ್‌ಡಿಎಯನ್ನು ನಾನಂತೂ ಹಚ್ಚುವುದಿಲ್ಲ.

ಲಾಜಿಸ್ಟಿಕ್ ಕೈಕೊಟ್ಟದ್ದು ತಿಳಿಯುವುದು ಹೇಗೆ

ಆರ್‌ನಲ್ಲಿ `glm` ಓಡಿಸಿದವರಿಗೆ ಈ ಸಾಲು ಪರಿಚಿತ:

```
glm.fit: fitted probabilities numerically 0 or 1 occurred
```

ಇದು ಬಂದಾಗ ಗುಣಾಂಕದ ಪಕ್ಕದ ಸ್ಟ್ಯಾಂಡರ್ಡ್ ಎರರ್ ನೋಡಿ. ಗುಣಾಂಕ 40, ಎರರ್ ಸಾವಿರಗಳಲ್ಲಿ, ಪಿ-ವ್ಯಾಲ್ಯೂ 0.99 ಅಂತಿದ್ದರೆ ಅದು ಬಹುತೇಕ ಸೆಪರೇಶನ್ನೇ. ಎಲ್ಲಕ್ಕಿಂತ ಚೆನ್ನಾಗಿ ಬೇರ್ಪಡಿಸುವ ವೇರಿಯಬಲ್ ಅನ್ನೇ ಪಿ-ವ್ಯಾಲ್ಯೂ ನೋಡಿ ಪ್ರಯೋಜನವಿಲ್ಲ ಅಂತ ತೆಗೆದುಹಾಕುವುದು ಇಲ್ಲಿ ಆಗುವ ಮಾಮೂಲಿ ಅನಾಹುತ.

ಸ್ಕೈಕಿಟ್-ಲರ್ನ್‌ನಲ್ಲಿ ಈ ಎಚ್ಚರಿಕೆ ಬರುವುದಿಲ್ಲ. ಅಲ್ಲಿನ `LogisticRegression` ಡೀಫಾಲ್ಟ್ ಆಗಿಯೇ ಎಲ್2 ಪೆನಾಲ್ಟಿ ಹಾಕುತ್ತದೆ, `C=1.0`. ಹಾಗಾಗಿ ಸೆಪರೇಶನ್ ಇದ್ದರೂ ಸಭ್ಯವಾದ ಒಂದು ಅಂಕಿ ಕೊಟ್ಟು ಸುಮ್ಮನಾಗುತ್ತದೆ. ಮೇಲಿನ 1.29 ಅನ್ನು ಅಲ್ಲಿ ಪರೀಕ್ಷಿಸಲು ಹೊರಟವರು `C=1e6` ಹಾಕದಿದ್ದರೆ ಬೇರೆ ಉತ್ತರ ಕಾಣುತ್ತಾರೆ. ಪೆನಾಲ್ಟಿ ಇರುವುದು ಒಳ್ಳೆಯದೇ, ಆದರೆ ಅದು ವೇರಿಯಬಲ್‌ಗಳ ಅಳತೆಮಾನದ ಮೇಲೆ ಅವಲಂಬಿತ. ಗ್ರಾಂನಲ್ಲಿದ್ದದ್ದನ್ನು ಕಿಲೋಗ್ರಾಂಗೆ ಬದಲಿಸಿದರೆ ಮಾದರಿಯೇ ಬದಲಾಗುತ್ತದೆ, ಹಾಗಾಗಿ ಮೊದಲು ಸ್ಟ್ಯಾಂಡರ್ಡೈಸ್ ಮಾಡಬೇಕು. ಶ್ರಿಂಕೇಜ್ ಇಲ್ಲದ ಎಲ್‌ಡಿಎಗೆ ಈ ತಲೆನೋವಿಲ್ಲ.

ಗುಣಾಂಕಗಳನ್ನು ಓದಿ ವಿವರಿಸುವುದೇ ಗುರಿಯಾದರೆ ನನ್ನ ಮೆಚ್ಚುಗೆ ಫರ್ತ್ ವಿಧಾನಕ್ಕೆ. ಡೇವಿಡ್ ಫರ್ತ್ 1993ರಲ್ಲಿ ಸೂಚಿಸಿದ ಈ ತಿದ್ದುಪಡಿ ಚಿಕ್ಕ ಸ್ಯಾಂಪಲ್‌ನ ಉಬ್ಬರವನ್ನು ಇಳಿಸುತ್ತದೆ, ಸೆಪರೇಶನ್ ಇದ್ದಾಗಲೂ ಮಿತಿಯಲ್ಲಿರುವ ಉತ್ತರ ಕೊಡುತ್ತದೆ. ಆರ್‌ನಲ್ಲಿ `logistf` ಪ್ಯಾಕೇಜ್ ಇದೆ. ಲಾಜಿಸ್ಟಿಕ್ ಕೈಕೊಟ್ಟಿತು ಅನ್ನುವ ಒಂದೇ ಕಾರಣಕ್ಕೆ ಎಲ್‌ಡಿಎಗೆ ಹಾರುವ ಮೊದಲು ಇದನ್ನು ನೋಡುವುದು ಮೇಲು.

ಹಾಗಾದರೆ ಯಾವುದು?

ನಾನು ಮೊದಲು ನೋಡುವುದು ವೇರಿಯಬಲ್‌ಗಳ ಸ್ವಭಾವವನ್ನು. ಎಲ್ಲವೂ ನಿರಂತರ ಅಳತೆಗಳಾಗಿದ್ದು, ಪ್ರತಿ ಗುಂಪಿನ ಹಿಸ್ಟೋಗ್ರಾಂ ಸುಮಾರಾಗಿ ಸಮ್ಮಿತಿಯಲ್ಲಿದ್ದು, ಎರಡು ಗುಂಪಿನ ಸ್ಟ್ಯಾಂಡರ್ಡ್ ಡೀವಿಯೇಶನ್‌ಗಳು ಹತ್ತಿರ ಇದ್ದರೆ ಎಲ್‌ಡಿಎಗೆ ಮತ ಹಾಕುತ್ತೇನೆ, ಅದರಲ್ಲೂ ಗುಂಪುಗಳು ಚೆನ್ನಾಗಿ ಬೇರೆ ಇದ್ದರೆ. ಬಾಲ ಉದ್ದವಿರುವ ಅಳತೆಗಳಿಗೆ, ಮೇಲಿನ 33ರಂಥವಕ್ಕೆ, ಲಾಗ್ ತೆಗೆದು ನೋಡಬೇಕು. ಲಾಗ್ ತೆಗೆದ ಮೇಲೂ ಬಾಲ ಉಳಿದರೆ ಎಲ್‌ಡಿಎ ಬಿಡಬೇಕು. ಒಬ್ಬೊಬ್ಬರನ್ನೇ ಹೊರಗಿಟ್ಟು ಮತ್ತೆ ಓಡಿಸಿ, ಗಡಿ ಯಾರಿಂದ ಹೆಚ್ಚು ಸರಿಯಿತು ಅಂತ ನೋಡುವುದು ಇದಕ್ಕೆ ಒಳ್ಳೆಯ ಪರೀಕ್ಷೆ. ಸರಿಸಿದವರು ಗಡಿಯಿಂದ ಬಹುದೂರದವರಾಗಿದ್ದರೆ ನಾರ್ಮಲ್ ಊಹೆ ಮೋಸ ಮಾಡುತ್ತಿದೆ ಅಂತಲೇ ಲೆಕ್ಕ.

ಹರಡಿಕೆಗಳು ಬಹಳ ಬೇರೆ ಇದ್ದರೆ, ಒಂದು ಗುಂಪಿನ ಡೀವಿಯೇಶನ್ ಇನ್ನೊಂದರ ಎರಡರಷ್ಟು ಅನ್ನುವ ಹಾಗೆ, ನಾರ್ಮಲ್ ಡೇಟಾಕ್ಕೂ ಸರಿಯಾದ ಗಡಿ ನೇರ ಇರುವುದಿಲ್ಲ. ಆಗ ಇಬ್ಬರೂ ತಪ್ಪು. ಲಾಜಿಸ್ಟಿಕ್‌ಗೆ x² ಸೇರಿಸುವುದು ಸುಲಭದ ದಾರಿ.

ಹೌದು-ಇಲ್ಲ ರೀತಿಯ ವೇರಿಯಬಲ್‌ಗಳು ಬೆರೆತಿದ್ದರೆ ಲಾಜಿಸ್ಟಿಕ್ ಕಡೆಗೆ ವಾಲುತ್ತೇನೆ. ಅಲ್ಲೂ ಎಲ್‌ಡಿಎಯ ಗಡಿ ಎಷ್ಟೋ ಸಲ ಪರವಾಗಿಲ್ಲ ಅನ್ನುವಂತಿರುತ್ತದೆ, ಅದರ ದಿಕ್ಕು 0-1 ಗುರುತಿನ ಮೇಲೆ ಮಾಡಿದ ಸಾಮಾನ್ಯ ರಿಗ್ರೆಶನ್‌ನ ದಿಕ್ಕೇ ಆದ್ದರಿಂದ. ನಂಬಲಾಗದ್ದು ಅದು ಕೊಡುವ ಸಂಭಾವ್ಯತೆ. ಆದರೆ ಅಪರೂಪದ ಹೌದು-ಇಲ್ಲ ವೇರಿಯಬಲ್ ಲಾಜಿಸ್ಟಿಕ್‌ಗೂ ಶತ್ರು: 40 ಜನರಲ್ಲಿ ಮೂವರಿಗೆ ಮಾತ್ರ ಹೌದು ಇದ್ದು, ಆ ಮೂವರೂ ಒಂದೇ ಗುಂಪಿನವರಾದರೆ ಆ ಗುಣಾಂಕ ಅನಂತ. ಅಲ್ಲಿ ಫರ್ತ್ ಬೇಕೇ ಬೇಕು.

ಸ್ಯಾಂಪಲ್ ತೆಗೆದ ರೀತಿಯೂ ಲೆಕ್ಕಕ್ಕೆ ಬರುತ್ತದೆ. ರೋಗಿಗಳು 20, ಆರೋಗ್ಯವಂತರು 20 ಅಂತ ಎಣಿಸಿ ತಂದಿದ್ದರೆ, ನಿಜ ಜನಸಂಖ್ಯೆಯಲ್ಲಿ ರೋಗಿಗಳು ಅರ್ಧದಷ್ಟಿರುವುದಿಲ್ಲ. ಇಂಥಲ್ಲಿ ಎರಡೂ ವಿಧಾನಗಳಲ್ಲಿ b ಕೆಡುವುದಿಲ್ಲ, ಕೆಡುವುದು a ಮಾತ್ರ. ಎಲ್‌ಡಿಎಯಲ್ಲಿ `priors` ಅಂತ ನಿಜವಾದ ಪ್ರಮಾಣ ಕೊಟ್ಟರೆ ಸಾಕು. ಲಾಜಿಸ್ಟಿಕ್‌ನಲ್ಲಿ ಕೈಯಾರೆ ತಿದ್ದಬೇಕು: ನಿಜದಲ್ಲಿ ರೋಗಿಗಳು 5% ಆದರೆ log(0.05/0.95), ಅಂದರೆ −2.94 ಅನ್ನು a ಜೊತೆ ಕೂಡಿಸಬೇಕು. ನಮ್ಮ ಮೂಲ ಉದಾಹರಣೆಯ ಎಲ್‌ಡಿಎಯಲ್ಲಿ ಇದರಿಂದ ಗಡಿ 7.5ರಿಂದ 10.44ಕ್ಕೆ ಜಿಗಿಯುತ್ತದೆ, b 1.29 ಇರುವ ಲಾಜಿಸ್ಟಿಕ್‌ನಲ್ಲಿ 9.78ಕ್ಕೆ. ಸಮ ಗುಂಪುಗಳಲ್ಲಿ ಒಂದೇ ಜಾಗದಲ್ಲಿದ್ದ ಎರಡು ಗಡಿಗಳು ಇಲ್ಲಿ ಬೇರೆಯಾದವು, ಅಳತೆ 10 ಇದ್ದವರನ್ನು ಒಂದು ಮಾದರಿ ಮನೆಗೆ ಕಳಿಸಿದರೆ ಇನ್ನೊಂದು ಮುಂದಿನ ಪರೀಕ್ಷೆಗೆ ಕಳಿಸುತ್ತದೆ.